ಮಣಿಕಟ್ಟು ಸರಿ, ಅಂಗೈ ತಪ್ಪು: ಎಡಗೈ ಅನಿಮೇಷನ್ ಕ್ಲಿಪ್ಪನ್ನು ಬಲಗೈಗೆ ತಿರುಗಿಸಿದ ಒಂದು ಪ್ರಕರಣ

ಹಿನ್ನೆಲೆ

ಇದು ಮೂರು ಜನರ ಸಣ್ಣ ತಂಡದಲ್ಲಿ ನಡೆದದ್ದು. ಒಬ್ಬರು ರಿಗ್ ಮಾಡುವವರು, ಅಂದರೆ ಪಾತ್ರವನ್ನು ಆಡಿಸುವ ಬೋನ್‌ಗಳ ಅಸ್ಥಿಪಂಜರ ಕೂಡಿಸುವವರು. ಇನ್ನೊಬ್ಬರು ಅನಿಮೇಟರ್. ಮೂರನೆಯವನು ನಾನು, ಪೈಥಾನ್‌ನಲ್ಲಿ ಚಿಕ್ಕಪುಟ್ಟ ಟೂಲ್ ಬರೆದುಕೊಡುವವನು. ಕೆಲಸ ಬ್ಲೆಂಡರ್‌ನಲ್ಲಿ. ಹೆಸರು, ಪಾತ್ರ, ಪ್ರಾಜೆಕ್ಟ್ ಯಾವುದನ್ನೂ ಇಲ್ಲಿ ಹೇಳಿಲ್ಲ.

ಕ್ಲಿಪ್ 72 ಫ್ರೇಮಿನದು, ಸೆಕೆಂಡಿಗೆ 24 ಫ್ರೇಮ್‌ನಂತೆ ಮೂರು ಸೆಕೆಂಡ್. ಪಾತ್ರ ಎಡಗೈ ಎತ್ತಿ, ಎತ್ತರದಲ್ಲಿರುವ ಪೆಟ್ಟಿಗೆಯ ಅಂಚಿಗೆ ಬೆರಳು ಮಡಚಿ ಹಿಡಿದು, ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅನಿಮೇಟರ್ ಅದನ್ನು ಚೆನ್ನಾಗಿ ಮಾಡಿದ್ದರು. ಕೈ ಮೇಲೆ ಹೋಗುವ ಮೊದಲೇ ಭುಜ ಸ್ವಲ್ಪ ಏಳುತ್ತದೆ, ಸೊಂಟದ ಭಾರ ಬಲಗಾಲಿಗೆ ಜಾರುತ್ತದೆ, ಬೆನ್ನು ಎಡಕ್ಕೆ ವಾಲುತ್ತದೆ. ಇದೇ ಕ್ಲಿಪ್ ಬಲಗೈಗೂ ಬೇಕಾಯಿತು. ಇದರ ಹಿಂದೆ ಇನ್ನೂ 22 ಎಡಗೈ ಕ್ಲಿಪ್‌ಗಳು ಸಾಲಿನಲ್ಲಿ ಕಾಯುತ್ತಿದ್ದವು.

ಬೋನ್‌ಗಳ ಹೆಸರು ಶಿಸ್ತಾಗಿತ್ತು. ಎಡಕ್ಕೆ `hand.L`, ಬಲಕ್ಕೆ `hand.R`, ಹೀಗೆ. ರಿಗ್ಗಿನ ಎಡಭಾಗ ಮೊದಲು ಮಾಡಿ, `Symmetrize` ಕೊಟ್ಟು ಬಲಭಾಗ ತೆಗೆದದ್ದು. ಹಾಗಾಗಿ ಇದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆವು.

ಮೊದಲ ಎರಡು ಪ್ರಯತ್ನ

ಮೊದಲು ಹೊಳೆಯುವ ದಾರಿ ಇಡೀ ಪಾತ್ರವನ್ನೇ X ದಿಕ್ಕಿನಲ್ಲಿ -1 ಸ್ಕೇಲ್ ಮಾಡುವುದು. ಪರದೆಯ ಮೇಲೆ ಚಲನೆ ಸರಿಯಾಗಿಯೇ ಕಾಣುತ್ತದೆ. ಆದರೆ ತಿರುಗುವುದು ಚಲನೆ ಅಲ್ಲ, ಪಾತ್ರ. ಎಡ ಭುಜಕ್ಕೆ ನೇತುಹಾಕಿದ್ದ ಚೀಲ ಬಲ ಭುಜಕ್ಕೆ ಹೋಯಿತು, ಕೂದಲಿನ ಬೈತಲೆ ಆಚೆ ಕಡೆಗೆ ಹೋಯಿತು. ಋಣ ಸ್ಕೇಲ್ ಬಂದರೆ ಮೇಲ್ಮೈಯ ಒಳಗೂ ಹೊರಗೂ ಅದಲುಬದಲಾಗುವ ತೊಂದರೆ ಬೇರೆ ಇದೆ. ಇದನ್ನು ಐದು ನಿಮಿಷದಲ್ಲಿ ಬಿಟ್ಟೆವು.

ಎರಡನೆಯದು ಬ್ಲೆಂಡರ್ ತಾನೇ ಕೊಡುವ ದಾರಿ. ಪೋಸ್ ಕಾಪಿ ಮಾಡಿ `Paste Pose Flipped` ಕೊಡುವುದು. ಅನಿಮೇಟರ್ ಮೊದಲು ತೋಳಿನ ಬೋನ್‌ಗಳನ್ನು ಮಾತ್ರ ಆರಿಸಿ ಹಾಕಿದರು. ಬಲಗೈ ಮೇಲೆ ಹೋಯಿತು, ಆದರೆ ಬೆನ್ನು ಇನ್ನೂ ಎಡಕ್ಕೇ ವಾಲುತ್ತಿತ್ತು. ಬಲಗೈ ಮೇಲಕ್ಕೆ ಚಾಚುವಾಗ ಮೈ ಎಡಕ್ಕೆ ಬಾಗಿದರೆ ಕೈ ಪೆಟ್ಟಿಗೆಗೆ ಎಟುಕುವುದೇ ಇಲ್ಲ. ನಡುವಿನ ಬೋನ್‌ಗಳಿಗೆ ಎಡ ಬಲ ಅಂತ ಜೊತೆ ಇಲ್ಲದಿದ್ದರೂ ಅವುಗಳನ್ನೂ ತಿರುಗಿಸಬೇಕು. ಅವು ತಮಗೆ ತಾವೇ ಜೊತೆ. ಸೊಂಟ, ಬೆನ್ನು, ಕುತ್ತಿಗೆ, ಪಾದ ಇಟ್ಟ ಕಡೆಗೆ ಕಾಲನ್ನು ತಾನೇ ಮಡಚಿಕೊಡುವ ಐಕೆ ಕಂಟ್ರೋಲ್ ಎಲ್ಲವನ್ನೂ ಸೇರಿಸಿ, ಪೋಸ್ ಗುರುತಿಸಿಟ್ಟ 11 ಕೀ ಫ್ರೇಮ್‌ಗಳಲ್ಲೂ ಹಾಕಿದ ಮೇಲೆ ಮೈ ಸರಿಯಾಯಿತು.

ಆಗ ಕಂಡದ್ದೇ ಈ ಪ್ರಕರಣದ ತಿರುಳು. ಭುಜ ಸರಿ, ಮೊಣಕೈ ಸರಿ, ಮಣಿಕಟ್ಟು ಇರಬೇಕಾದ ಜಾಗದಲ್ಲೇ ಇದೆ. ಆದರೆ 31ನೇ ಫ್ರೇಮಿನಲ್ಲಿ, ಅಂಗೈ ಪೆಟ್ಟಿಗೆಯ ಅಂಚಿನ ಮೇಲೆ ಕೆಳಕ್ಕೆ ಬಾಗಬೇಕಾದಾಗ, ಅದು ಪಕ್ಕಕ್ಕೆ ಬಾಗುತ್ತಿತ್ತು. ಬಾಗಿಲು ತೆರೆದ ಹಾಗೆ. ಹೆಬ್ಬೆರಳು ಹಿಡಿಯುವ ಬದಲು ಹಿಂದಕ್ಕೆ ಮುರಿದುಕೊಂಡ ಹಾಗಿತ್ತು.

ಕನ್ನಡಿ ಏನು ಮಾಡುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಗೊತ್ತಿಲ್ಲದೆ ಮುಂದಿನ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ.

ಕನ್ನಡಿ ಮುಂದೆ ನಿಂತು ತಲೆ ಮೇಲೆ ಕೆಳಗೆ ಆಡಿಸಿ, ಹೌದು ಅನ್ನುವ ಹಾಗೆ. ಕನ್ನಡಿಯಲ್ಲಿರುವ ತಲೆಯೂ ಹಾಗೆಯೇ ಆಡುತ್ತದೆ, ಏನೂ ಬದಲಾಗುವುದಿಲ್ಲ. ಈಗ ತಲೆಯನ್ನು ಎಡಕ್ಕೆ ತಿರುಗಿಸಿ. ಆ ಮನುಷ್ಯ ತನ್ನ ಬಲಕ್ಕೆ ತಿರುಗುತ್ತಾನೆ. ತಲೆಯನ್ನು ಎಡ ಭುಜದ ಕಡೆ ವಾಲಿಸಿ, ಅವನು ತನ್ನ ಬಲ ಭುಜಕ್ಕೆ ವಾಲಿಸುತ್ತಾನೆ. ಅಂದರೆ ಎಡ ಬಲ ಹೋಗುವ ಅಕ್ಷದ ಸುತ್ತಲಿನ ತಿರುಗುವಿಕೆ ಹಾಗೇ ಉಳಿಯುತ್ತದೆ, ಉಳಿದ ಎರಡು ಅಕ್ಷಗಳ ಸುತ್ತಲಿನದು ಉಲ್ಟಾ ಆಗುತ್ತದೆ. ಜಾಗದ ವಿಷಯದಲ್ಲಿ ಇದಕ್ಕೆ ಸರಿ ವಿರುದ್ಧ: X ಮಾತ್ರ ಉಲ್ಟಾ, Y ಮತ್ತು Z ಹಾಗೇ.

ತಿರುಗುವಿಕೆಯನ್ನು ನಾಲ್ಕು ಅಂಕಿಗಳಲ್ಲಿ ಹೇಳುವ ಕ್ವಾಟರ್ನಿಯನ್‌ನಲ್ಲಿ ಬರೆದರೆ `(w, x, y, z)` ಇದ್ದದ್ದು `(w, x, -y, -z)` ಆಗುತ್ತದೆ. `Paste Pose Flipped` ಮಾಡುವುದೂ ಇದನ್ನೇ. ಆದರೆ ಒಂದು ವ್ಯತ್ಯಾಸವಿದೆ. ಮೇಲಿನ ಮಾತು ಇಡೀ ಪಾತ್ರದ X, Y, Z ಬಗ್ಗೆ. ಕೀ ಫ್ರೇಮಿನಲ್ಲಿ ಇರುವ ಅಂಕಿಗಳು ಪ್ರತಿ ಬೋನಿನ ಸ್ವಂತ X, Y, Z ಬಗ್ಗೆ. ಬ್ಲೆಂಡರ್‌ನಲ್ಲಿ ಬೋನಿನ Y ಯಾವಾಗಲೂ ಬೋನಿನ ಉದ್ದಕ್ಕೆ ಹೋಗುತ್ತದೆ. X ಮತ್ತು Z ಎಲ್ಲಿಗೆ ಮುಖ ಮಾಡಬೇಕು ಅನ್ನುವುದನ್ನು ತೀರ್ಮಾನಿಸುವುದು ರೋಲ್, ಅಂದರೆ ಬೋನ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಅನ್ನುವ ಕೋನ. ಬಲ ಬೋನಿನ ರೋಲ್ ಎಡ ಬೋನಿನ ರೋಲಿಗೆ ಸರಿಯಾಗಿ ಋಣವಾಗಿದ್ದರೆ ಮಾತ್ರ, ಪಾತ್ರಕ್ಕೆ ನಿಜವಾದ ಆ ಸೂತ್ರ ಬೋನಿಗೂ ನಿಜವಾಗುತ್ತದೆ. `Symmetrize` ಹಾಗೆಯೇ ಮಾಡಿಕೊಡುತ್ತದೆ. ಅದನ್ನು ನಂಬಿಯೇ ಉಳಿದದ್ದೆಲ್ಲ ನಡೆಯುತ್ತದೆ.

ಬೇರೆ ಸಾಫ್ಟ್‌ವೇರಿನಲ್ಲಿ ಈ ಒಪ್ಪಂದವೇ ಬೇರೆ ಇರಬಹುದು. ಮಾಯಾದಲ್ಲಿ ಜಾಯಿಂಟ್‌ಗಳನ್ನು `Behavior` ಆಯ್ಕೆಯಲ್ಲಿ ಮಿರರ್ ಮಾಡಿದರೆ ಬಲಗಡೆಯ ಮೂರೂ ಅಕ್ಷ ಕನ್ನಡಿಯಲ್ಲಿ ಕಾಣುವ ದಿಕ್ಕಿಗೆ ತದ್ವಿರುದ್ಧ ಮುಖ ಮಾಡುತ್ತವೆ. ಅಲ್ಲಿ ರೊಟೇಶನ್ ಅಂಕಿಗಳನ್ನು ಯಾವ ಚಿಹ್ನೆಯೂ ಬದಲಿಸದೆ ಹಾಗೇ ಕಾಪಿ ಮಾಡಬೇಕು. ಅದಕ್ಕೇ ಯಾರೋ ಬರೆದಿಟ್ಟ "Y, Z ಮೈನಸ್ ಮಾಡಿ" ಅನ್ನುವ ಸಲಹೆ ಒಂದು ರಿಗ್ಗಿಗೆ ಕೂಡಿಬಂದು ಇನ್ನೊಂದರಲ್ಲಿ ಕೈಕೊಡುತ್ತದೆ.

ತಪ್ಪು ಎಲ್ಲಿತ್ತು

ನಾವು ಅಕ್ಷಗಳನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದೆವು. ಬೋನ್‌ಗಳೆಲ್ಲ ಇರುವ ಆರ್ಮೇಚರ್‌ನ `Viewport Display` ಒಳಗಿನ `Axes` ಗುರುತು ಹಾಕಿದರೆ ಸಾಕು. ಎರಡೂ ಮುಂಗೈಗಳಲ್ಲಿ ಜೋಡಿ ಸರಿಯಾಗಿತ್ತು. ಅಂಗೈ ಬೋನಿಗೆ ಬಂದಾಗ ಎಡಗಡೆ X ಇದ್ದ ಜಾಗದಲ್ಲಿ ಬಲಗಡೆ Z ಇತ್ತು. ಎಡಿಟ್ ಮೋಡ್‌ಗೆ ಹೋಗಿ `Roll` ನೋಡಿದೆವು. `hand.L` ನದು 12.4°. `hand.R` ನದು -12.4° ಇರಬೇಕಿತ್ತು, ಇದ್ದದ್ದು 77.6°. ಸರಿಯಾಗಿ 90° ವ್ಯತ್ಯಾಸ. ಬಲ ಹೆಬ್ಬೆರಳಿನ ಮೂರೂ ಬೋನ್‌ಗಳಲ್ಲಿ ವ್ಯತ್ಯಾಸ 180°.

ರಿಗ್ ಮಾಡಿದವರಿಗೆ ತಕ್ಷಣ ನೆನಪಾಯಿತು. ಪಾತ್ರದ ಬಲಗೈಗೆ ಒಂದು ಸಲಕರಣೆ ಕೊಡಬೇಕಾಗಿ ಬಂದಾಗ, ಅದು ಅಂಗೈಯಲ್ಲಿ ನೇರ ಕೂರಲಿ ಅಂತ ಅವರು ಬಲಗೈ ಬೋನ್‌ಗಳ ರೋಲ್ ಮತ್ತೆ ಲೆಕ್ಕ ಹಾಕಿಸಿದ್ದರು. ಆಗ ಅದು ಸರಿಯಾದ ಕೆಲಸವೇ. ಬೋನಿನ ರೋಲ್ ಬದಲಾದರೂ ಪಾತ್ರದ ಮೈಯಾದ ಮೆಷ್ ಒಂದಿಷ್ಟೂ ಅಲುಗುವುದಿಲ್ಲ, ಯಾವ ಬೋನನ್ನೂ ತಿರುಗಿಸದ ರೆಸ್ಟ್ ಪೋಸಿನಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ನನಗೆ ಬೇಸರವಾದದ್ದು ಬೇರೆಯದಕ್ಕೆ. ನಾನು ಆಗಲೇ ಎರಡು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅಂದಿದ್ದೆ. ಒಂದು, ಕ್ಲಿಪ್ಪನ್ನು ಎರಡು ಸಲ ತಿರುಗಿಸಿದರೆ ಮೊದಲಿನದೇ ಬರಬೇಕು. ಬಂದಿತ್ತು. ಎರಡು, ರೆಸ್ಟ್ ಪೋಸನ್ನು ತಿರುಗಿಸಿದರೆ ರೆಸ್ಟ್ ಪೋಸೇ ಬರಬೇಕು. ಅದೂ ಬಂದಿತ್ತು. ಈಗ ಯೋಚಿಸಿ: y, z ಗಳ ಚಿಹ್ನೆ ಎರಡು ಸಲ ಬದಲಿಸಿದರೆ ಮೊದಲಿನ ಅಂಕಿಯೇ ಸಿಗುತ್ತದೆ ಅಲ್ವಾ? ಬೋನಿನ ಅಕ್ಷ ಎಲ್ಲಿಗಾದರೂ ಮುಖ ಮಾಡಿರಲಿ. ರೆಸ್ಟ್ ಪೋಸಿನಲ್ಲಿ ತಿರುಗುವಿಕೆ ಸೊನ್ನೆ, ಸೊನ್ನೆಗೆ ಮೈನಸ್ ಹಾಕಿದರೂ ಸೊನ್ನೆ. ಎರಡೂ ಪರೀಕ್ಷೆಗಳು ತಪ್ಪು ವಿಧಾನವನ್ನೂ ಪಾಸ್ ಮಾಡುತ್ತವೆ.

ಮೂರನೆಯದಾಗಿ ಮಣಿಕಟ್ಟಿನ ಜಾಗ ಹೋಲಿಸಿದ್ದೆ. ಎಡಗೈ ಮೂಲ ಕ್ಲಿಪ್ಪಿನಲ್ಲಿ (x, y, z) ಇದ್ದರೆ ಹೊಸ ಕ್ಲಿಪ್ಪಿನಲ್ಲಿ ಬಲಗೈ (-x, y, z) ಇರಬೇಕು. ಅದೂ ಸರಿ ಬಂದಿತ್ತು. ಕಾರಣ ಸರಳ. ಮಣಿಕಟ್ಟಿನ ಜಾಗವನ್ನು ತೀರ್ಮಾನಿಸುವುದು ಅದರ ಮೇಲಿನ ಬೋನ್‌ಗಳು. ಅಂಗೈ ಬೋನ್ ಎಷ್ಟೇ ತಪ್ಪಾಗಿ ತಿರುಗಿದರೂ ಅದರ ಬುಡ ಅಲುಗುವುದಿಲ್ಲ.

ನಿರ್ಧಾರದ ಗಳಿಗೆ

ಮುಂದೆ ಮೂರು ದಾರಿ ಇದ್ದವು.

ಅನಿಮೇಟರ್ ಮೊದಲು ಕೈಯಿಂದಲೇ ಸರಿಮಾಡಿ ನೋಡಿದರು. 11 ಕೀಗಳಲ್ಲೂ ಅಂಗೈಯನ್ನು ಕಣ್ಣಳತೆಯಲ್ಲಿ ತಿರುಗಿಸಿದರು. ಕೀ ಇರುವ ಫ್ರೇಮುಗಳಲ್ಲಿ ಚೆನ್ನಾಗಿತ್ತು. ಆದರೆ ಕೀಗಳ ನಡುವೆ ಕೈ ನಡುಗುತ್ತಿತ್ತು, ಮೂಲದಲ್ಲಿದ್ದ ಆ ಮೆತ್ತನೆಯ ಹಿಡಿತ ಹೋಗಿತ್ತು. "ಇದು ನಾನು ಮಾಡಿದ ಕೈ ಅಲ್ಲ" ಅಂದರು. ಇನ್ನೂ 22 ಕ್ಲಿಪ್ಪಿಗೆ ಹೀಗೆ ಮಾಡುವುದು ಆಗದ ಮಾತು.

ಎರಡನೆಯದು ಬಲ ಬೋನ್‌ಗಳ ರೋಲನ್ನೇ ವಾಪಸ್ -12.4° ಮಾಡಿಬಿಡುವುದು. ಇದು ಎಲ್ಲಕ್ಕಿಂತ ಸ್ವಚ್ಛವಾದ ದಾರಿ. ಹೊಸ ರಿಗ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಈ ರೋಲಿನ ಮೇಲೆ ಆಗಲೇ 14 ಬಲಗೈ ಕ್ಲಿಪ್‌ಗಳು ಮುಗಿದಿದ್ದವು. ಕೀಗಳಲ್ಲಿರುವ ಅಂಕಿ ಬೋನಿನ ಅಕ್ಷಕ್ಕೆ ಅಂಟಿಕೊಂಡಿರುತ್ತದೆ. ಅಕ್ಷ ತಿರುಗಿಸಿದರೆ ಆ 14ರಲ್ಲೂ ಕೈ ಮುರಿಯುತ್ತದೆ. ಒಂದು ಪ್ರತಿಯಲ್ಲಿ ಮಾಡಿ ನೋಡಿದೆವು, ಹಾಗೇ ಆಯಿತು. ಸಲಕರಣೆಯೂ ಅಂಗೈಯಲ್ಲಿ ಅಡ್ಡ ತಿರುಗಿ ಕೂತಿತು.

ಹಾಗಾಗಿ ಮೂರನೆಯದು: ರಿಗ್ ಮುಟ್ಟದೆ, ಎರಡು ಕಡೆಯ ರೆಸ್ಟ್ ಪೋಸ್ ನೋಡಿ, ಪ್ರತಿ ಬೋನಿಗೂ ಅದರದೇ ತಿದ್ದುಪಡಿ ಲೆಕ್ಕ ಹಾಕುವುದು. ಯಾವ ಬೋನಿಗೆ ಯಾವ ಚಿಹ್ನೆ ಅಂತ ಪಟ್ಟಿ ಮಾಡೋಣ ಅನ್ನುವ ಮಾತೂ ಬಂತು. ಬೇಡ ಅಂದೆ. ಅಂಥ ಪಟ್ಟಿ ಪ್ರಯೋಗ ಮಾಡಿ ಮಾಡಿ ಕೂಡಿಸಿದ್ದಾಗಿರುತ್ತದೆ. 90° ಅಥವಾ 180° ಇದ್ದಾಗ ಹೇಗೋ ನಡೆಯುತ್ತದೆ, 37° ಬಂದ ದಿನ ಚಿಹ್ನೆ ಬದಲಿಸಿ ಪ್ರಯೋಜನವಿಲ್ಲ.

ಸೂತ್ರ ಮತ್ತು ಅದರ ಅರ್ಥ

ಯೋಚನೆ ಹೀಗೆ. ಎಡ ಬೋನಿನ ರೆಸ್ಟ್ ಪೋಸನ್ನು ಕನ್ನಡಿಯಲ್ಲಿ ತಿರುಗಿಸಿ. ಬಲ ಬೋನ್ ಹೇಗಿರಬೇಕಿತ್ತು ಅನ್ನುವುದು ಸಿಗುತ್ತದೆ. ಅಲ್ಲಿಂದ ನಿಜವಾದ ಬಲ ಬೋನಿಗೆ ಎಷ್ಟು ತಿರುಗಬೇಕು? ಅದೇ ತಿದ್ದುಪಡಿ, `c`. ಈಗ ಎಡ ಬೋನಿನ ಚಲನೆಯನ್ನೂ ತಿರುಗಿಸಿ, ಅದನ್ನು `c` ಮೂಲಕ ಬಲ ಬೋನಿನ ಸ್ವಂತ ಅಕ್ಷಗಳಲ್ಲಿ ಬರೆಯಿರಿ.

```python
from mathutils import Quaternion, Vector

def flip(q):
    return Quaternion((q.w, q.x, -q.y, -q.z))

def correction(bone_l, bone_r):
    a = bone_l.matrix_local.to_quaternion()
    b = bone_r.matrix_local.to_quaternion()
    return flip(a).inverted() @ b

def mirror(q, loc, c):
    ci = c.inverted()
    v = Vector((-loc.x, loc.y, loc.z))
    return ci @ flip(q) @ c, ci @ v
```

`matrix_local` ಅಂದರೆ ಆರ್ಮೇಚರ್ ಜಾಗದಲ್ಲಿ ಬೋನಿನ ರೆಸ್ಟ್ ಪೋಸ್. ಕೀಗಳಲ್ಲಿ ಇರುವುದು ರೆಸ್ಟ್ ಪೋಸಿನಿಂದ ಎಷ್ಟು ತಿರುಗಿದೆ ಅನ್ನುವುದು ಮಾತ್ರ. ಹಾಗಾಗಿ ಮೇಲಿನ ಬೋನ್‌ಗಳ ಸರಪಣಿಯನ್ನು ಇಲ್ಲಿ ಲೆಕ್ಕಕ್ಕೆ ತಗೊಳ್ಳಬೇಕಾಗಿಲ್ಲ, ಒಂದೊಂದು ಬೋನನ್ನೂ ಬಿಡಿಯಾಗಿ ತಿರುಗಿಸಿದರೆ ಸಾಕು. ತಂದೆ ಬೋನಿನ ಲೆಕ್ಕದಲ್ಲಿ ಇಡೀ ತಿರುಗುವಿಕೆಯನ್ನು ಬರೆದಿಡುವ ಗೇಮ್ ಎಂಜಿನ್ನಿನ ಕ್ಲಿಪ್ ಆದರೆ ಈ ಸಾಲುಗಳನ್ನು ಹಾಗೇ ಹಾಕುವ ಹಾಗಿಲ್ಲ. ಮೊದಲು ಅದರಿಂದ ರೆಸ್ಟ್ ಪೋಸ್ ಕಳೆಯಬೇಕು.

ಒಂದು ಅಂಕಿ ಹಿಡಿದು ನೋಡೋಣ. 31ನೇ ಫ್ರೇಮಿನಲ್ಲಿ ಎಡ ಅಂಗೈ X ಸುತ್ತ 30° ಬಾಗಿದೆ, ಅಂದರೆ `(0.966, 0.259, 0, 0)`. ಬರೀ `flip` ಮಾಡಿದರೆ ಇದರಲ್ಲಿ ಏನೂ ಬದಲಾಗುವುದಿಲ್ಲ, y ಮತ್ತು z ಸೊನ್ನೆ. ಅದನ್ನು ಹಾಗೇ ಬಲ ಅಂಗೈಗೆ ಕೊಟ್ಟಾಗ ಅದು ತನ್ನ X ಸುತ್ತ ಬಾಗಿತು. ಅದರ X ಈಗ ಅಂಗೈಯ ಅಡ್ಡಕ್ಕೆ ಇಲ್ಲ, ಮೇಲೆ ಕೆಳಗೆ ಇದೆ. ಅದಕ್ಕೇ ಬಾಗಿಲಿನ ಹಾಗೆ ಪಕ್ಕಕ್ಕೆ ಹೋದದ್ದು. `c` ಇಲ್ಲಿ Y ಸುತ್ತ 90°. ಅದನ್ನು ಸೇರಿಸಿದರೆ ಉತ್ತರ `(0.966, 0, 0, 0.259)`, ಅಂದರೆ Z ಸುತ್ತ 30°. ಕೈ ಕೆಳಕ್ಕೆ ಬಾಗುತ್ತದೆ. ರೋಲ್ ಸರಿಯಿರುವ ಬೋನ್‌ಗಳಲ್ಲಿ `c` ಏನೂ ಮಾಡದ ತಿರುಗುವಿಕೆ, ಹಳೇ ಉತ್ತರವೇ ಬರುತ್ತದೆ. ನಡುವಿನ ಬೋನ್‌ಗಳಿಗೆ ಎರಡೂ ಕಡೆ ಅದೇ ಬೋನ್ ಕೊಡಿ, ಸೂತ್ರ ಬದಲಾಗುವುದಿಲ್ಲ.

ಏನಾಯಿತು

ಮೊದಲ ಸಲ ಓಡಿಸಿದಾಗ ಕೀಗಳಲ್ಲಿ ಎಲ್ಲವೂ ಸರಿ. ಆದರೆ 31 ಮತ್ತು 34ನೇ ಫ್ರೇಮುಗಳ ನಡುವೆ ಬಲಗೈ ಗರ್ರನೆ ತಿರುಗಿ ಬಂತು. ಮೂಲ ಕ್ಲಿಪ್ಪಿನಲ್ಲಿ ಕೈಯ ಕೀಗಳು ಆಯ್ಲರ್‌ನಲ್ಲಿ, ಅಂದರೆ ಮೂರು ಅಕ್ಷಗಳ ಮೂರು ಕೋನಗಳಲ್ಲಿ ಇದ್ದವು, ನಾನು ಕ್ವಾಟರ್ನಿಯನ್‌ಗೆ ಬದಲಿಸಿಕೊಂಡಿದ್ದೆ. ಒಂದೇ ಪೋಸಿಗೆ `q` ಮತ್ತು `-q` ಎರಡೂ ಸರಿ ಉತ್ತರ. ಪಕ್ಕಪಕ್ಕದ ಎರಡು ಕೀಗಳಲ್ಲಿ ಒಂದು ಹೀಗೆ, ಇನ್ನೊಂದು ಹಾಗೆ ಬಂದರೆ ನಡುವಿನ ಫ್ರೇಮುಗಳು ಸುತ್ತು ದಾರಿ ಹಿಡಿಯುತ್ತವೆ. ಪ್ರತಿ ಕೀಯಲ್ಲೂ `q.make_compatible(prev)` ಅಂತ ಒಂದು ಸಾಲು ಸೇರಿಸಿದ ಮೇಲೆ ನಿಂತಿತು.

ಆಮೇಲೆ ಪರೀಕ್ಷೆಯನ್ನೇ ಬದಲಿಸಿದೆವು. ಬೋನುಗಳ ಬದಲು ಚರ್ಮದ ಮೇಲಿನ ಮೂರು ಬಿಂದು ಆರಿಸಿಕೊಂಡೆವು: ಮಧ್ಯದ ಬೆರಳಿನ ತುದಿ, ಹೆಬ್ಬೆರಳಿನ ಉಗುರು, ಕಿರುಬೆರಳಿನ ಕೆಳಗೆ ಅಂಗೈಯ ಅಂಚು. ಮೂರೂ ಒಂದೇ ಗೆರೆಯಲ್ಲಿಲ್ಲ. ಹಾಗಾಗಿ ಅಂಗೈ ಬಾಗಿದರೂ ತಿರುಚಿದರೂ ಒಂದಲ್ಲ ಒಂದು ಬಿಂದು ಸಿಕ್ಕಿಬೀಳುತ್ತದೆ. ಹಳೇ ವಿಧಾನದಲ್ಲಿ 31ನೇ ಫ್ರೇಮಿನಲ್ಲಿ ಮಣಿಕಟ್ಟಿನ ತಪ್ಪು ಸೊನ್ನೆ ಇದ್ದಾಗಲೂ ಮಧ್ಯದ ಬೆರಳಿನ ತುದಿ ಸುಮಾರು 13 ಸೆಂ.ಮೀ. ಆಚೆ ಇತ್ತು. ಹೊಸದರಲ್ಲಿ 11 ಕೀಗಳಲ್ಲೂ ಮೂರೂ ಬಿಂದುಗಳ ತಪ್ಪು ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕೀಗಳ ನಡುವಿನ ಫ್ರೇಮುಗಳಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಆಯ್ಲರ್ ಮತ್ತು ಕ್ವಾಟರ್ನಿಯನ್ ಎರಡು ಕೀಗಳ ನಡುವೆ ಬೇರೆ ಬೇರೆ ದಾರಿಯಲ್ಲಿ ಹೋಗುವುದರಿಂದ. 72 ಫ್ರೇಮಿಗೂ ಕೀ ಹಾಕಿಬಿಟ್ಟರೆ ಅದೂ ಹೋಗುತ್ತಿತ್ತು. ಅನಿಮೇಟರ್ ಒಪ್ಪಲಿಲ್ಲ. ಎಲ್ಲ ಫ್ರೇಮಿಗೂ ಕೀ ಬಿದ್ದರೆ ಆಮೇಲೆ ಅವರು ಕೈಯಾಡಿಸುವುದು ಹೇಗೆ? ಅವರು ಹೇಳಿದ್ದು ಸರಿ, 11 ಕೀಯಲ್ಲೇ ಬಿಟ್ಟೆವು.

ಪರದೆಯ ಮೇಲೆ ಕ್ಲಿಪ್ ಓಡಿದಾಗ ಅವರು ಭುಜವನ್ನೇ ನೋಡುತ್ತಿದ್ದರು. ಕೈ ಏಳುವ ಮೊದಲು ಬಲ ಭುಜ ಒಂಚೂರು ಎದ್ದಿತು. "ಹಾಂ, ಇದು ಅದೇ" ಅಂದರು.

ಉಳಿದ ಕ್ಲಿಪ್‌ಗಳಲ್ಲಿ ಗೊತ್ತಾದದ್ದು

ಉಳಿದ 22ರಲ್ಲಿ ಎರಡರಲ್ಲಿ ಮಾತ್ರ ತೊಡಕು ಬಂತು. ಎರಡರಲ್ಲೂ ತಪ್ಪು ಅಕ್ಷದ್ದಲ್ಲ.

ಒಂದರಲ್ಲಿ ಎಡಗೈ ಐಕೆಯಲ್ಲಿತ್ತು. ಐಕೆಯಿಂದ, ಒಂದೊಂದೇ ಬೋನ್ ತಿರುಗಿಸುವ ಎಫ್‌ಕೆಗೆ ಬದಲಿಸುವ ಕೀ ಬೋನಿನ ತಿರುಗುವಿಕೆ ಅಲ್ಲ, ಅದೊಂದು ಬಿಡಿ ಪ್ರಾಪರ್ಟಿ. ನನ್ನ ಟೂಲ್ ಅದನ್ನು ಎಡದಿಂದ ಬಲಕ್ಕೆ ದಾಟಿಸಿರಲಿಲ್ಲ. ಬಲಗೈ ಐಕೆ ಕಂಟ್ರೋಲ್ ಸರಿಯಾದ ಜಾಗಕ್ಕೆ ಹೋಗುತ್ತಿತ್ತು, ಕೈ ಮಾತ್ರ ಅದನ್ನು ಹಿಂಬಾಲಿಸುತ್ತಿರಲಿಲ್ಲ. ಆ ಅಂಕಿಗೆ ಚಿಹ್ನೆ ಬದಲಿಸುವುದು ಬೇಡ, ಹೆಸರಿನ ಕಡೆ ಬದಲಿಸಿದರೆ ಸಾಕು.

ಇನ್ನೊಂದರಲ್ಲಿ ಕೈ ಎದೆಯ ಮೇಲಿನ ಚೀಲದ ಪಟ್ಟಿಯನ್ನು ಹಿಡಿಯುತ್ತದೆ. ಪಟ್ಟಿ ಎಡ ಭುಜದಿಂದ ಇಳಿಯುತ್ತದೆ. ಚಲನೆ ಸರಿಯಾಗಿ ತಿರುಗಿತು, ಪಟ್ಟಿ ತಿರುಗಲಿಲ್ಲ. ಬಲಗೈ ಖಾಲಿ ಎದೆಯನ್ನು ಹಿಡಿಯಿತು. ಮೈ ಎರಡೂ ಕಡೆ ಒಂದೇ ಥರ ಇದ್ದರೆ ಮಾತ್ರ ಈ ಸೂತ್ರ ನಡೆಯುತ್ತದೆ. ಒಂದು ತೋಳು ಉದ್ದ, ಒಂದು ಗಿಡ್ಡ ಇದ್ದರೂ ಇದೇ ಗತಿ: ಕೋನಗಳು ಸರಿ, ಕೈ ತಲುಪುವ ಜಾಗ ತಪ್ಪು. ಆ ಕ್ಲಿಪ್ಪನ್ನು ಅನಿಮೇಟರ್ ಬಲಗೈಗೆ ಹೊಸದಾಗಿಯೇ ಮಾಡಿದರು.

ರಿಗ್ ಮಾಡುವವರು `correction` ಅನ್ನು ತಮ್ಮ ಕೆಲಸಕ್ಕೆ ತಗೊಂಡರು. ಈಗ ಹೊಸ ಪಾತ್ರದ ರಿಗ್ಗನ್ನು ಅನಿಮೇಟರ್ ಕೈಗೆ ಕೊಡುವ ಮೊದಲು ಪ್ರತಿ ಜೋಡಿಗೂ `c.angle` ನೋಡುತ್ತಾರೆ. 1° ಗಿಂತ ಜಾಸ್ತಿ ಇರುವ ಬೋನ್‌ಗಳ ಹೆಸರು ಪರದೆಗೆ ಬರುತ್ತದೆ. ಆ ಹೊತ್ತಿಗೆ ಒಂದು ಕ್ಲಿಪ್ಪೂ ಆಗಿರುವುದಿಲ್ಲ, ರೋಲನ್ನೇ ಸರಿಮಾಡಬಹುದು. ಈ ಹಳೇ ಪಾತ್ರಕ್ಕೆ ಅದನ್ನು ಓಡಿಸಿದಾಗ ಬಂದದ್ದು ನಾಲ್ಕು ಹೆಸರು, ಅಂಗೈ ಒಂದು, ಹೆಬ್ಬೆರಳಿನವು ಮೂರು. ಅವುಗಳನ್ನು ಹಾಗೇ ಬಿಟ್ಟಿದ್ದೇವೆ.